ಜರ್ಮನ್ ಆತ್ಮಾರ್ಥಕ ಕ್ರಿಯಾಪದಗಳು: ದ್ವಿತೀಯೆಯೋ ಚತುರ್ಥಿಯೋ?

ಜರ್ಮನ್ ಕಲಿಕೆಯ ಆರಂಭದ ತಿಂಗಳುಗಳಲ್ಲಿಯೇ ವಿದ್ಯಾರ್ಥಿಗೆ ಎದುರಾಗುವ ಎರಡು ವಾಕ್ಯಗಳಿವೆ. ಮೊದಲನೆಯದು ‘ಇಷ್ ವಶೆ ಮಿಷ್’, ಅಂದರೆ ‘ನಾನು ಮೈ ತೊಳೆದುಕೊಳ್ಳುತ್ತೇನೆ’. ಎರಡನೆಯದು ‘ಇಷ್ ವಶೆ ಮೀರ್ ಡೀ ಹೆಂಡೆ’, ಅಂದರೆ ‘ನಾನು ಕೈ ತೊಳೆದುಕೊಳ್ಳುತ್ತೇನೆ’. ಎರಡರಲ್ಲಿಯೂ ಕರ್ತೃ ಒಂದೇ, ಧಾತು ಒಂದೇ, ಕ್ರಿಯೆ ಮರಳುವುದೂ ಅದೇ ಕರ್ತೃವಿನ ಕಡೆಗೆ. ಆದರೂ ಮೊದಲನೆಯದರಲ್ಲಿ ‘ನನ್ನನ್ನು’ ಎಂಬ ಅರ್ಥದ ‘ಮಿಷ್’ ಬಂದಿದೆ. ಎರಡನೆಯದರಲ್ಲಿ ‘ನನಗೆ’ ಎಂಬ ಅರ್ಥದ ‘ಮೀರ್’ ಬಂದಿದೆ. ಕನ್ನಡದ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವು ಎರಡೂ ವಾಕ್ಯಗಳಲ್ಲಿ ಒಂದೇ ಬಗೆಯಾಗಿ ನಿಲ್ಲುತ್ತದೆ. ಕ್ರಿಯೆಯ ಫಲ ಕರ್ತೃವಿಗೇ ಸಲ್ಲುತ್ತದೆ ಎಂದಷ್ಟೇ ಅದು ಹೇಳುತ್ತದೆಯೇ ಹೊರತು, ಕರ್ತೃವು ಆ ಕ್ರಿಯೆಯ ಕರ್ಮವೋ ಅಥವಾ ಫಲವನ್ನು ಪಡೆಯುವವನೋ ಎಂಬುದನ್ನು ಬೇರ್ಪಡಿಸಿ ಹೇಳುವುದಿಲ್ಲ. ಜರ್ಮನ್ ಭಾಷೆ ಈ ಬೇರ್ಪಡಿಕೆಯನ್ನು ಕಡ್ಡಾಯಗೊಳಿಸುತ್ತದೆ. ಕನ್ನಡಿಗ ವಿದ್ಯಾರ್ಥಿಯ ತೊಡಕು ಹುಟ್ಟುವುದು ಇಲ್ಲಿಯೇ.

ಈ ತೊಡಕನ್ನು ದಾಟಲು ಸಾಮಾನ್ಯವಾಗಿ ಬಳಕೆಯಲ್ಲಿರುವ ಉಪಾಯವೆಂದರೆ ಕ್ರಿಯಾಪದಗಳ ಎರಡು ಪಟ್ಟಿಗಳನ್ನು ಬಾಯಿಪಾಠ ಮಾಡುವುದು: ದ್ವಿತೀಯೆಯನ್ನು ಬಯಸುವವು ಒಂದು ಪಟ್ಟಿ, ಚತುರ್ಥಿಯನ್ನು ಬಯಸುವವು ಇನ್ನೊಂದು. ಆದರೆ ‘ತೊಳೆ’ ಎಂಬ ಅರ್ಥದ ‘ವಶೆನ್’ ಧಾತು ಮೇಲಿನ ಎರಡು ವಾಕ್ಯಗಳಲ್ಲಿ ಎರಡೂ ಪಟ್ಟಿಗಳಿಗೆ ಸೇರುತ್ತದೆ ಎಂಬುದನ್ನು ಗಮನಿಸಿದರೆ, ಪಟ್ಟಿಯ ಉಪಾಯ ಬುಡದಲ್ಲಿಯೇ ಅಲುಗಾಡುತ್ತದೆ. ವಿಭಕ್ತಿಯನ್ನು ನಿರ್ಧರಿಸುವುದು ಬಿಡಿ ಕ್ರಿಯಾಪದವಲ್ಲ, ವಾಕ್ಯದಲ್ಲಿ ಕರ್ಮದ ಸ್ಥಾನ ಬರಿದಾಗಿದೆಯೋ ತುಂಬಿದೆಯೋ ಎಂಬ ಸಂಗತಿ. ಈ ಮಾತನ್ನು ಉದಾಹರಣೆಗಳ ಮೂಲಕ ವಿವರಿಸಿ, ಅದು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಷಯಕ್ಕೆ ಹೋಗುವ ಮುನ್ನ ಎರಡು ಸೂಚನೆಗಳು ಅಗತ್ಯ. ಜರ್ಮನ್ ಪದಗಳನ್ನು ಇಲ್ಲಿ ಉಚ್ಚಾರಣೆಗೆ ಹತ್ತಿರವಾಗುವಂತೆ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ‘ಇಷ್’, ‘ಮಿಷ್’ ಮುಂತಾದ ಪದಗಳ ಕೊನೆಯ ಮೃದುವಾದ ಉಸಿರಿನ ಧ್ವನಿಗೆ ‘ಷ’ಕಾರವನ್ನೂ, ‘ವಶೆನ್’ ಪದದ ನಡುವಿನ ಧ್ವನಿಗೆ ‘ಶ’ಕಾರವನ್ನೂ ಬಳಸಲಾಗಿದೆ. ಎರಡನೆಯ ಸೂಚನೆ ವಿಭಕ್ತಿಗಳ ಹೆಸರಿಗೆ ಸಂಬಂಧಿಸಿದ್ದು. ಜರ್ಮನ್ ಶಾಲಾ ವ್ಯಾಕರಣವು ತನ್ನ ನಾಲ್ಕು ವಿಭಕ್ತಿಗಳನ್ನು ಎಣಿಸುವ ಕ್ರಮದಲ್ಲಿ ‘ಡಾಟಿಫ್’ ಮೂರನೆಯದು, ‘ಅಕುಜ಼ಾಟಿಫ್’ ನಾಲ್ಕನೆಯದು. ನಮ್ಮ ವ್ಯಾಕರಣದಲ್ಲಾದರೋ ‘ಅನ್ನು’ ದ್ವಿತೀಯೆ, ‘ಗೆ’ ಚತುರ್ಥಿ. ಆದ್ದರಿಂದ ಜರ್ಮನ್ ಪುಸ್ತಕದಲ್ಲಿ ‘ನಾಲ್ಕನೆಯ ವಿಭಕ್ತಿ’ ಎಂದು ಓದಿದ ಕನ್ನಡಿಗನು ಅದನ್ನು ಚತುರ್ಥಿಯೆಂದು ತಿಳಿದರೆ ಎಲ್ಲವೂ ತಲೆಕೆಳಗಾಗುತ್ತದೆ. ಈ ಲೇಖನದಲ್ಲಿ ದ್ವಿತೀಯೆ, ಚತುರ್ಥಿ ಎಂಬ ಹೆಸರುಗಳನ್ನು ಕನ್ನಡ ವ್ಯಾಕರಣದ ಅರ್ಥದಲ್ಲಿಯೇ ಬಳಸಲಾಗಿದೆ.

1. ವ್ಯತ್ಯಾಸ ಕಾಣುವ ಎರಡು ರೂಪಗಳು

ಜರ್ಮನ್ ಆತ್ಮಾರ್ಥಕ ಸರ್ವನಾಮಗಳ ರೂಪಗಳನ್ನು ಒಮ್ಮೆ ನೋಡುವುದು ಒಳ್ಳೆಯದು. ಉತ್ತಮ ಪುರುಷ ಏಕವಚನದಲ್ಲಿ ದ್ವಿತೀಯೆ ‘ಮಿಷ್’, ಚತುರ್ಥಿ ‘ಮೀರ್’. ಮಧ್ಯಮ ಪುರುಷದ ಆತ್ಮೀಯ ಏಕವಚನದಲ್ಲಿ, ಅಂದರೆ ಕನ್ನಡದ ‘ನೀನು’ ಎಂಬಲ್ಲಿ, ದ್ವಿತೀಯೆ ‘ಡಿಷ್’, ಚತುರ್ಥಿ ‘ಡೀರ್’. ಉಳಿದೆಡೆ ಈ ಭೇದವೇ ಇಲ್ಲ. ‘ನಾವು’ ಎಂಬುದಕ್ಕೆ ಎರಡೂ ವಿಭಕ್ತಿಗಳಲ್ಲಿ ‘ಉನ್ಸ್’. ಆತ್ಮೀಯ ಬಹುವಚನದ ‘ನೀವು’ ಎಂಬುದಕ್ಕೆ ಎರಡರಲ್ಲಿಯೂ ‘ಒಯ್ಷ್’. ಪ್ರಥಮ ಪುರುಷದ ಎಲ್ಲ ಲಿಂಗವಚನಗಳಿಗೂ, ಗೌರವಾರ್ಥದ ‘ತಾವು’ ಎಂಬುದಕ್ಕೂ ಒಂದೇ ರೂಪ: ‘ಜ಼ಿಷ್’.

ಹೀಗಾದುದಕ್ಕೆ ಚಾರಿತ್ರಿಕ ಕಾರಣವಿದೆ. ಜರ್ಮನ್‌ಗೆ ಸೋದರ ಸಂಬಂಧವುಳ್ಳ, 4ನೆಯ ಶತಮಾನದ ಬೈಬಲ್ ಅನುವಾದದಿಂದ ತಿಳಿದುಬರುವ ಗಾಥಿಕ್ ಭಾಷೆಯಲ್ಲಿ ಪ್ರಥಮ ಪುರುಷಕ್ಕೆ ‘ಸಿಕ್’ ಎಂಬ ದ್ವಿತೀಯಾ ರೂಪವೂ ‘ಸಿಸ್’ ಎಂಬ ಚತುರ್ಥೀ ರೂಪವೂ ಬೇರೆ ಬೇರೆಯಾಗಿದ್ದವು. ಪ್ರಾಚೀನ ಉಚ್ಚ ಜರ್ಮನ್‌ನ ಹೊತ್ತಿಗೆ ಚತುರ್ಥೀ ರೂಪ ಅಳಿದುಹೋಗಿ, ದ್ವಿತೀಯೆಯ ರೂಪ ಮಾತ್ರ ಉಳಿಯಿತು. ‘ತನಗೆ’ ಎಂದು ಹೇಳಬೇಕಾದಲ್ಲಿ ‘ಅವನಿಗೆ’ ಎಂಬ ಸಾಮಾನ್ಯ ಸರ್ವನಾಮವನ್ನೇ ಬಳಸಬೇಕಾಯಿತು. 1534ರಲ್ಲಿ ಪೂರ್ಣರೂಪದಲ್ಲಿ ಪ್ರಕಟವಾದ ಮಾರ್ಟಿನ್ ಲೂಥರನ ಬೈಬಲ್ ಅನುವಾದದಲ್ಲಿಯೂ ಈ ಹಳೆಯ ಬಳಕೆ ಉಳಿದಿದೆ. ದೇವರು ತನ್ನ ಪ್ರತಿರೂಪವಾಗಿ ಮನುಷ್ಯನನ್ನು ಸೃಷ್ಟಿಸಿದ ಪ್ರಸಂಗದಲ್ಲಿ ಇಂದಿನ ಓದುಗನು ‘ಜ಼ಿಷ್’ ಎಂದು ನಿರೀಕ್ಷಿಸುವಲ್ಲಿ ಲೂಥರನು ‘ಅವನಿಗೆ’ ಎಂಬ ಅರ್ಥದ ‘ಈಮ್’ ಎಂದು ಬರೆದಿದ್ದಾನೆ. ‘ಅವನಿಗೆ’ ಎಂದರೆ ತನಗೋ ಬೇರೊಬ್ಬನಿಗೋ ಎಂಬ ಸಂದಿಗ್ಧತೆ ಇದರಿಂದ ಉಳಿಯುತ್ತಿತ್ತು. ಮುಂದೆ ‘ಜ಼ಿಷ್’ ಚತುರ್ಥಿಯ ಸ್ಥಾನಕ್ಕೂ ವಿಸ್ತರಿಸಿದಾಗ ಆ ಸಂದಿಗ್ಧತೆ ನೀಗಿತು; ಆದರೆ ವಿಭಕ್ತಿಭೇದ ಮರೆಯಾಯಿತು. ಬಹುವಚನದ ‘ಉನ್ಸ್’, ‘ಒಯ್ಷ್’ ರೂಪಗಳಲ್ಲಿಯೂ ಹಿಂದೆ ಬೇರೆ ಬೇರೆಯಾಗಿದ್ದ ಎರಡು ವಿಭಕ್ತಿಗಳು ಕಾಲಕ್ರಮದಲ್ಲಿ ಒಂದಾದವು. ‘ನಾನು’, ‘ನೀನು’ ಎಂಬೆರಡು ಏಕವಚನಗಳಲ್ಲಿ ಮಾತ್ರ ಆತ್ಮಾರ್ಥಕಕ್ಕೆ ಸಾಮಾನ್ಯ ಸರ್ವನಾಮದ ಬೇರೆ ಬೇರೆ ರೂಪಗಳೇ ಬಳಕೆಯಲ್ಲಿರುವುದರಿಂದ, ಭೇದ ಉಳಿದುಕೊಂಡಿತು.

ಇದರ ಪರಿಣಾಮ ಕಲಿಕೆಯ ಮೇಲೆ ನೇರವಾಗಿದೆ. ನಿಘಂಟುಗಳು ಆತ್ಮಾರ್ಥಕ ಕ್ರಿಯಾಪದವನ್ನು ‘ಜ಼ಿಷ್’ ಸಮೇತವಾಗಿ ಉಲ್ಲೇಖಿಸುತ್ತವೆ. ಅಂದರೆ ವಿಭಕ್ತಿ ಕಾಣದ ರೂಪದಲ್ಲಿಯೇ ವಿದ್ಯಾರ್ಥಿ ಪದವನ್ನು ಕಲಿಯುತ್ತಾನೆ. ಕಥೆಯನ್ನೋ ವಾರ್ತೆಯನ್ನೋ ಓದುವಾಗ ಬಹುಪಾಲು ವಾಕ್ಯಗಳು ಪ್ರಥಮ ಪುರುಷದಲ್ಲಿರುವುದರಿಂದ ಅಲ್ಲಿಯೂ ‘ಜ಼ಿಷ್’ ಮಾತ್ರ ಕಣ್ಣಿಗೆ ಬೀಳುತ್ತದೆ. ತನ್ನ ವಿಷಯವನ್ನು ತಾನು ಹೇಳಬೇಕಾದ ಕ್ಷಣದಲ್ಲಿ, ಅಂದರೆ ‘ನಾನು’ ಎಂದು ಬಾಯಿ ತೆರೆದಾಗ, ಅದುವರೆಗೆ ಅಡಗಿದ್ದ ಪ್ರಶ್ನೆ ಒಮ್ಮೆಲೇ ಎದುರು ನಿಲ್ಲುತ್ತದೆ.

2. ಕರ್ಮಸ್ಥಾನದ ನಿಯಮ

ಆರಂಭದ ಎರಡು ವಾಕ್ಯಗಳಿಗೆ ಮರಳೋಣ. ‘ವಶೆನ್’ ಸಕರ್ಮಕ ಧಾತು. ಏನನ್ನು ತೊಳೆಯುವುದು ಎಂಬ ಪ್ರಶ್ನೆಗೆ ಅದು ದ್ವಿತೀಯೆಯಲ್ಲಿ ಉತ್ತರವನ್ನು ಬೇಡುತ್ತದೆ. ‘ಇಷ್ ವಶೆ ಮಿಷ್’ ಎಂಬಲ್ಲಿ ಆ ಉತ್ತರ ಕರ್ತೃವೇ. ತೊಳೆಯುವವನೂ ತೊಳೆಯಲ್ಪಡುವವನೂ ಒಬ್ಬನೇ ಆದ್ದರಿಂದ ಸರ್ವನಾಮ ಕರ್ಮಸ್ಥಾನದಲ್ಲಿ ನಿಂತು ದ್ವಿತೀಯೆಯನ್ನು ಪಡೆದಿದೆ. ‘ಇಷ್ ವಶೆ ಮೀರ್ ಡೀ ಹೆಂಡೆ’ ಎಂಬಲ್ಲಿ ತೊಳೆಯಲ್ಪಡುವುದು ‘ಡೀ ಹೆಂಡೆ’, ಅಂದರೆ ಕೈಗಳು. ಕರ್ಮಸ್ಥಾನವನ್ನು ಕೈಗಳು ಆಕ್ರಮಿಸಿಕೊಂಡಿವೆ. ‘ನನ್ನನ್ನು’ ಎಂಬುದಕ್ಕೆ ಅಲ್ಲಿ ಎಡೆಯಿಲ್ಲ. ಕೈ ಯಾರದು, ಕ್ರಿಯೆ ತಟ್ಟುವುದು ಯಾರಿಗೆ ಎಂಬುದನ್ನಷ್ಟೇ ಸರ್ವನಾಮ ಹೇಳಬಲ್ಲದು. ಅದಕ್ಕಾಗಿ ಅದು ಚತುರ್ಥಿಗೆ ಸರಿಯುತ್ತದೆ.

ಇದನ್ನು ಪರೀಕ್ಷಿಸಲು ಸರಳವಾದ ಒಂದು ವಿಧಾನವಿದೆ. ಆತ್ಮಾರ್ಥಕ ಸರ್ವನಾಮದ ಜಾಗದಲ್ಲಿ ಬೇರೊಬ್ಬ ವ್ಯಕ್ತಿಯನ್ನು, ಅದರಲ್ಲಿಯೂ ಪುಲ್ಲಿಂಗ ಏಕವಚನದ ನಾಮಪದವೊಂದನ್ನು ಇಡಬೇಕು. ಪುಲ್ಲಿಂಗವೇ ಏಕೆಂದರೆ, ಅಲ್ಲಿ ನಾಮಪದಕ್ಕಿಂತ ಮೊದಲು ಬರುವ ಗುಣವಾಚಕದಂತಹ ‘ಆರ್ಟಿಕಲ್’ ದ್ವಿತೀಯೆಯಲ್ಲಿ ‘ಡೇನ್’ ಎಂದೂ ಚತುರ್ಥಿಯಲ್ಲಿ ‘ಡೇಮ್’ ಎಂದೂ ಸ್ಪಷ್ಟವಾಗಿ ಬೇರೆಯಾಗುತ್ತದೆ. ‘ಮಗ’ ಎಂಬ ಅರ್ಥದ ‘ಜ಼ೋನ್’ ಪದವನ್ನು ಇಟ್ಟು ನೋಡಿದರೆ, ಮೊದಲ ವಾಕ್ಯ ‘ಇಷ್ ವಶೆ ಡೇನ್ ಜ಼ೋನ್’ ಎಂದಾಗುತ್ತದೆ: ಮಗನನ್ನು ತೊಳೆಯುತ್ತೇನೆ. ಎರಡನೆಯದು ‘ಇಷ್ ವಶೆ ಡೇಮ್ ಜ಼ೋನ್ ಡೀ ಹೆಂಡೆ’ ಎಂದಾಗುತ್ತದೆ: ಪದಶಃ ‘ಮಗನಿಗೆ ಕೈಗಳನ್ನು ತೊಳೆಯುತ್ತೇನೆ’. ‘ಡೇನ್’ ಬಂದಲ್ಲಿ ‘ಮಿಷ್’, ‘ಡೇಮ್’ ಬಂದಲ್ಲಿ ‘ಮೀರ್’. ಆತ್ಮಾರ್ಥಕಕ್ಕೆಂದು ಪ್ರತ್ಯೇಕವಾದ ವಿಭಕ್ತಿನಿಯಮವೇನೂ ಇಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಬೇರೆಯವರ ವಿಷಯದಲ್ಲಿ ಯಾವ ವಿಭಕ್ತಿಯೋ ತನ್ನ ವಿಷಯದಲ್ಲಿಯೂ ಅದೇ.

ಕನ್ನಡದಲ್ಲಿ ಎರಡನೆಯ ವಾಕ್ಯವನ್ನು ‘ಮಗನ ಕೈ ತೊಳೆಯುತ್ತೇನೆ’ ಎಂದು ಷಷ್ಠಿಯಲ್ಲಿ ಹೇಳುವುದು ರೂಢಿ. ದೇಹದ ಅಂಗಗಳ ಒಡೆತನವನ್ನು ಜರ್ಮನ್ ಚತುರ್ಥಿಯಿಂದ ಸೂಚಿಸುತ್ತದೆ ಎಂಬುದು ಮೊದಲಿಗೆ ವಿಚಿತ್ರವೆನಿಸಬಹುದು. ಆದರೆ ‘ನನಗೆ ತಲೆ ನೋಯುತ್ತಿದೆ’ ಎಂಬ ಕನ್ನಡ ವಾಕ್ಯವನ್ನು ನೆನೆದರೆ ಈ ವಿಚಿತ್ರ ಕಡಿಮೆಯಾಗುತ್ತದೆ. ಅಲ್ಲಿ ತಲೆ ಯಾರದೆಂಬುದನ್ನು ಹೇಳುವುದು ‘ನನ್ನ’ ಎಂಬ ಷಷ್ಠಿಯಲ್ಲ, ‘ನನಗೆ’ ಎಂಬ ಚತುರ್ಥಿಯೇ.

ಇದೇ ಬಗೆಯ ಜೋಡಿಗಳು ದಿನನಿತ್ಯದ ಜರ್ಮನ್‌ನಲ್ಲಿ ಹಲವು. ‘ಇಷ್ ತ್ಸೀಯೆ ಮಿಷ್ ಅನ್’ ಎಂದರೆ ‘ನಾನು ಬಟ್ಟೆ ಹಾಕಿಕೊಳ್ಳುತ್ತೇನೆ’. ಯಾವ ಬಟ್ಟೆಯೆಂದು ಹೆಸರಿಸಿದ ಕೂಡಲೇ ಅದು ‘ಇಷ್ ತ್ಸೀಯೆ ಮೀರ್ ಡೇನ್ ಮಂಟೆಲ್ ಅನ್’ ಎಂದಾಗುತ್ತದೆ: ‘ನಾನು ಕೋಟು ಹಾಕಿಕೊಳ್ಳುತ್ತೇನೆ’. ಇಲ್ಲಿ ವಿದ್ಯಾರ್ಥಿಗಳಿಂದ ಆಗುವ ತಪ್ಪು ಬಹುಮಟ್ಟಿಗೆ ಒಂದೇ ರೀತಿಯದು. ‘ಮಿಷ್’ ರೂಪವನ್ನು ಮೊದಲು ಕಲಿತಿರುವುದರಿಂದ ಅದನ್ನು ಹಾಗೆಯೇ ಇಟ್ಟುಕೊಂಡು, ಅದರ ಮುಂದೆ ಕೈಯನ್ನೋ ಕೋಟನ್ನೋ ಸೇರಿಸುತ್ತಾರೆ. ಆಗ ಒಂದು ಕ್ರಿಯಾಪದದ ಕೆಳಗೆ ಎರಡು ದ್ವಿತೀಯೆಗಳು ಬಂದು ವಾಕ್ಯ ಕೆಡುತ್ತದೆ. ಬರೆದ ವಾಕ್ಯದಲ್ಲಿ ದ್ವಿತೀಯಾ ವಿಭಕ್ತಿಯ ಪದಗಳನ್ನು ಎಣಿಸುವುದೇ ಈ ತಪ್ಪನ್ನು ಹಿಡಿಯುವ ದಾರಿ. ಎರಡು ಕಂಡುಬಂದರೆ ಸರ್ವನಾಮವನ್ನು ಚತುರ್ಥಿಗೆ ತಿರುಗಿಸಬೇಕು.

3. ನೆನಪಿನ ಎರಡು ಕ್ರಿಯಾಪದಗಳು

ಮೇಲಿನ ಪರೀಕ್ಷೆ ಎಲ್ಲೆಡೆ ನಡೆಯುವುದಿಲ್ಲ. ಸರ್ವನಾಮದ ಜಾಗದಲ್ಲಿ ಬೇರೊಬ್ಬರನ್ನು ಇಡಲು ಬಾರದ ಕ್ರಿಯಾಪದಗಳು ಜರ್ಮನ್‌ನಲ್ಲಿ ಸಾಕಷ್ಟಿವೆ. ‘ನಾಚಿಕೊಳ್ಳು’ ಎಂಬ ಅರ್ಥದ ‘ಜ಼ಿಷ್ ಶೇಮೆನ್’, ‘ಅವಸರ ಮಾಡು’ ಎಂಬ ಅರ್ಥದ ‘ಜ಼ಿಷ್ ಬೆಐಲೆನ್’ ಇಂತಹವು. ಕನ್ನಡದಲ್ಲಿಯೂ ಬೇರೊಬ್ಬನನ್ನು ‘ನಾಚಿಕೊಳ್ಳಲು’ ಬರುವುದಿಲ್ಲ. ಇಲ್ಲಿ ಸರ್ವನಾಮವು ಕ್ರಿಯಾಪದದ ಅಂಗವಾಗಿಬಿಟ್ಟಿದೆ. ಆದರೂ ಕರ್ಮಸ್ಥಾನದ ನಿಯಮವೇ ದಾರಿ ತೋರುತ್ತದೆ. ಸ್ಥಾನ ಬರಿದಾಗಿದ್ದರೆ ಸರ್ವನಾಮ ಅದನ್ನು ತುಂಬಿ ದ್ವಿತೀಯೆಯಲ್ಲಿ ನಿಲ್ಲುತ್ತದೆ: ‘ಇಷ್ ಶೇಮೆ ಮಿಷ್’, ‘ಇಷ್ ಬೆಐಲೆ ಮಿಷ್’. ಬೇರೊಂದು ಪದ ಅದನ್ನು ತುಂಬಿದ್ದರೆ ಸರ್ವನಾಮ ಚತುರ್ಥಿಗೆ ಸರಿಯುತ್ತದೆ.

ಕನ್ನಡಿಗರಿಗೆ ಅತ್ಯಂತ ಉಪಯುಕ್ತವಾದ ಹೋಲಿಕೆಯನ್ನು ಒದಗಿಸುವ ಎರಡು ಕ್ರಿಯಾಪದಗಳು ನೆನಪಿಗೆ ಸಂಬಂಧಿಸಿದವು. ಕನ್ನಡದ ‘ನೆನಪಿಟ್ಟುಕೊಳ್ಳು’ ಎಂಬುದಕ್ಕೆ ಜರ್ಮನ್ ‘ಜ಼ಿಷ್ ಮೆರ್ಕೆನ್’ ಎನ್ನುತ್ತದೆ. ‘ನೆನಪಿಸಿಕೊಳ್ಳು’ ಎಂಬುದಕ್ಕೆ ‘ಜ಼ಿಷ್ ಎರಿನೆರ್ನ್’ ಎನ್ನುತ್ತದೆ. ಕನ್ನಡದಲ್ಲಿ ಎರಡರ ರಚನೆಯೂ ಒಂದೇ: ‘ನಾನು ಆ ಹೆಸರನ್ನು ನೆನಪಿಟ್ಟುಕೊಳ್ಳುತ್ತೇನೆ’, ‘ನಾನು ಆ ಹೆಸರನ್ನು ನೆನಪಿಸಿಕೊಳ್ಳುತ್ತೇನೆ’. ‘ಹೆಸರು’ ಎರಡೂ ಕಡೆ ದ್ವಿತೀಯೆಯಲ್ಲಿದೆ, ‘ಕೊಳ್ಳು’ ಎರಡೂ ಕಡೆ ಇದೆ. ಜರ್ಮನ್‌ನಲ್ಲಾದರೋ ಮೊದಲನೆಯದು ‘ಇಷ್ ಮೆರ್ಕೆ ಮೀರ್ ಡೇನ್ ನಾಮೆನ್’ ಎಂದೂ, ಎರಡನೆಯದು ‘ಇಷ್ ಎರಿನೆರೆ ಮಿಷ್ ಅನ್ ಡೇನ್ ನಾಮೆನ್’ ಎಂದೂ ಆಗುತ್ತದೆ.

ಎರಡೂ ವಾಕ್ಯಗಳಲ್ಲಿ ‘ಡೇನ್ ನಾಮೆನ್’ ಎಂಬ ದ್ವಿತೀಯಾಂತ ಪದವಿದೆ. ಹಾಗಿದ್ದರೆ ಎರಡನೆಯದರಲ್ಲಿಯೂ ‘ಮೀರ್’ ಬರಬೇಕಲ್ಲವೆ ಎಂಬ ಸಂದೇಹ ಸಹಜ. ಉತ್ತರ ಅಡಗಿರುವುದು ‘ಅನ್’ ಎಂಬ ಪುಟ್ಟ ಪದದಲ್ಲಿ. ನಾಮಪದಕ್ಕಿಂತ ಮೊದಲು ಬಂದು ಅದರ ವಿಭಕ್ತಿಯನ್ನು ತಾನೇ ನಿಯಂತ್ರಿಸುವ ಇಂತಹ ಅವ್ಯಯವನ್ನು ಇಲ್ಲಿ ಪೂರ್ವಾವ್ಯಯ ಎಂದು ಕರೆಯಬಹುದು. ಮೊದಲ ವಾಕ್ಯದ ‘ಡೇನ್’ ರೂಪವನ್ನು ಬೇಡಿದ್ದು ಕ್ರಿಯಾಪದ. ಎರಡನೆಯ ವಾಕ್ಯದ ‘ಡೇನ್’ ರೂಪವನ್ನು ಬೇಡಿದ್ದು ಪೂರ್ವಾವ್ಯಯ. ಪೂರ್ವಾವ್ಯಯದ ಅಧೀನದಲ್ಲಿರುವ ಪದ ಎಷ್ಟೇ ದ್ವಿತೀಯೆಯಲ್ಲಿದ್ದರೂ ಕ್ರಿಯಾಪದದ ಕರ್ಮಸ್ಥಾನವನ್ನು ತುಂಬುವುದಿಲ್ಲ. ‘ಎರಿನೆರ್ನ್’ ಧಾತುವಿನ ಕರ್ಮಸ್ಥಾನ ಇನ್ನೂ ಬರಿದಾಗಿಯೇ ಇರುವುದರಿಂದ ಸರ್ವನಾಮ ದ್ವಿತೀಯೆಯಲ್ಲಿಯೇ ಉಳಿಯುತ್ತದೆ. ಹಿಂದಿನ ಭಾಗದಲ್ಲಿ ಹೇಳಿದ ಎಣಿಕೆಯ ಸೂತ್ರವನ್ನು ಇದಕ್ಕನುಗುಣವಾಗಿ ತಿದ್ದಿಕೊಳ್ಳಬೇಕು: ದ್ವಿತೀಯಾಂತ ಪದಗಳನ್ನು ಎಣಿಸುವಾಗ ಪೂರ್ವಾವ್ಯಯದ ಹಿಂದೆ ಬಂದವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಕರ್ಮಸ್ಥಾನವನ್ನು ತುಂಬುವುದು ಯಾವಾಗಲೂ ನಾಮಪದವೇ ಆಗಿರಬೇಕೆಂದಿಲ್ಲ, ಇಡೀ ಉಪವಾಕ್ಯವೊಂದು ಅಲ್ಲಿ ಕುಳಿತಿರಬಹುದು. ‘ಬರಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೇನೆ’ ಎಂಬುದು ‘ಇಷ್ ಯೂಬರ್‌ಲೇಗೆ ಮೀರ್, ಒಪ್ ಇಷ್ ಕೊಮೆ’ ಎಂದಾಗುತ್ತದೆ. ಇಲ್ಲಿ ವಿಭಕ್ತಿಯುಳ್ಳ ಬೇರೆ ಯಾವ ಪದವೂ ಕಾಣುವುದಿಲ್ಲ. ಆದರೂ ‘ಮೀರ್’ ಬಂದಿದೆ. ಇದಕ್ಕೆ ಪ್ರತಿಯಾಗಿ, ‘ಅವನು ಬರುತ್ತಾನೆಂದು ನನಗೆ ಸಂತೋಷ’ ಎಂಬುದು ‘ಇಷ್ ಫ್ರೊಯೆ ಮಿಷ್, ಡಸ್ ಏರ್ ಕೊಮ್ಟ್’ ಎಂದಾಗುತ್ತದೆ. ಇಲ್ಲಿಯೂ ಉಪವಾಕ್ಯವಿದೆ, ಆದರೆ ‘ಮಿಷ್’ ಬಂದಿದೆ. ಕನ್ನಡದ ‘ನನಗೆ ಸಂತೋಷ’ ಎಂಬ ಚತುರ್ಥಿಯು ವಿದ್ಯಾರ್ಥಿಯನ್ನು ‘ಮೀರ್’ ಕಡೆಗೆ ಸೆಳೆಯುವುದರಿಂದ ಇಲ್ಲಿ ತಪ್ಪುವ ಸಾಧ್ಯತೆ ಇಮ್ಮಡಿಯಾಗುತ್ತದೆ.

ಎರಡನ್ನೂ ಬೇರ್ಪಡಿಸಲು ಉಪವಾಕ್ಯವನ್ನು ತೆಗೆದು, ಅದರ ಬದಲು ‘ಅದು’ ಎಂಬ ಒಂದೇ ಸರ್ವನಾಮವನ್ನು ವಾಕ್ಯದ ತಲೆಗೆ ಇಟ್ಟು ನೋಡಬೇಕು. ಮೊದಲನೆಯದು ‘ಡಸ್ ಯೂಬರ್‌ಲೇಗೆ ಇಷ್ ಮೀರ್’ ಎಂದಾಗುತ್ತದೆ: ‘ಅದನ್ನು ಯೋಚಿಸುತ್ತೇನೆ’. ‘ಡಸ್’ ಎಂಬ ನೇರ ಕರ್ಮವೇ ಸಾಕಾದುದರಿಂದ ಉಪವಾಕ್ಯವೂ ಕರ್ಮವೇ ಆಗಿತ್ತೆಂದು ತಿಳಿಯುತ್ತದೆ. ಎರಡನೆಯದರಲ್ಲಿ ಹಾಗೆ ‘ಡಸ್’ ಇಡಲು ಬರುವುದಿಲ್ಲ, ‘ಡಾರ್ಯೂಬರ್ ಫ್ರೊಯೆ ಇಷ್ ಮಿಷ್’ ಎನ್ನಬೇಕಾಗುತ್ತದೆ. ‘ಡಾರ್ಯೂಬರ್’ ಎಂದರೆ ‘ಅದರ ಬಗ್ಗೆ’. ಅದರೊಳಗೆ ‘ಯೂಬರ್’ ಎಂಬ ಪೂರ್ವಾವ್ಯಯವಿದೆ. ಅಂದರೆ ಉಪವಾಕ್ಯವು ಪೂರ್ವಾವ್ಯಯದ ಅಧೀನದಲ್ಲಿತ್ತು, ಕರ್ಮಸ್ಥಾನ ಬರಿದಾಗಿತ್ತು. ಆದ್ದರಿಂದಲೇ ‘ಮಿಷ್’.

4. ಪರಿಚಯವೋ ಕಲ್ಪನೆಯೋ

ವಿಭಕ್ತಿಯ ಆಯ್ಕೆಯಿಂದ ಅರ್ಥವೇ ಬದಲಾಗುವ ಪ್ರಸಿದ್ಧ ಉದಾಹರಣೆ ‘ಜ಼ಿಷ್ ಫೋರ್‌ಶ್ಟೆಲೆನ್’. ‘ಶ್ಟೆಲೆನ್’ ಎಂದರೆ ನಿಲ್ಲಿಸು, ‘ಫೋರ್’ ಎಂದರೆ ಮುಂದೆ. ಒಟ್ಟಿನಲ್ಲಿ ‘ಮುಂದೆ ನಿಲ್ಲಿಸು’. ಪ್ರಧಾನ ವಾಕ್ಯದಲ್ಲಿ ‘ಫೋರ್’ ಎಂಬ ಭಾಗವು ಬಿಡಿಯಾಗಿ ಕೊನೆಗೆ ಹೋಗುತ್ತದೆ. ತನ್ನನ್ನೇ ಇನ್ನೊಬ್ಬರ ಮುಂದೆ ನಿಲ್ಲಿಸುವುದು ಪರಿಚಯಿಸಿಕೊಳ್ಳುವಿಕೆ. ಯಾವುದೋ ಒಂದನ್ನು ತನಗೆ ತಾನೇ, ಮನಸ್ಸಿನ ಮುಂದೆ, ನಿಲ್ಲಿಸಿಕೊಳ್ಳುವುದು ಕಲ್ಪಿಸಿಕೊಳ್ಳುವಿಕೆ. ಒಂದೇ ಧಾತುವಿನಿಂದ ಎರಡೂ ಅರ್ಥಗಳು ಹೊರಡುತ್ತವೆ, ಅವನ್ನು ಬೇರ್ಪಡಿಸುವುದು ವಿಭಕ್ತಿ ಮಾತ್ರ.

‘ಹೊಸ ಅಧ್ಯಾಪಕನಿಗೆ ನನ್ನನ್ನು ಪರಿಚಯಿಸಿಕೊಳ್ಳುತ್ತೇನೆ’ ಎಂಬುದು ‘ಇಷ್ ಶ್ಟೆಲೆ ಮಿಷ್ ಡೇಮ್ ನೊಯೆನ್ ಲೇರರ್ ಫೋರ್’ ಎಂದಾಗುತ್ತದೆ. ಮುಂದೆ ನಿಲ್ಲಿಸಲ್ಪಡುವುದು ‘ನಾನು’, ಆದ್ದರಿಂದ ‘ಮಿಷ್’. ಯಾರ ಮುಂದೆ ಎಂಬುದಕ್ಕೆ ಅಧ್ಯಾಪಕ ಚತುರ್ಥಿಯಲ್ಲಿದ್ದಾನೆ. ‘ಹೊಸ ಅಧ್ಯಾಪಕನನ್ನು ಕಲ್ಪಿಸಿಕೊಳ್ಳುತ್ತೇನೆ’ ಎಂಬುದು ‘ಇಷ್ ಶ್ಟೆಲೆ ಮೀರ್ ಡೇನ್ ನೊಯೆನ್ ಲೇರರ್ ಫೋರ್’ ಎಂದಾಗುತ್ತದೆ. ಮನಸ್ಸಿನ ಮುಂದೆ ನಿಲ್ಲಿಸಲ್ಪಡುವವನು ಅಧ್ಯಾಪಕ. ಅವನು ಕರ್ಮಸ್ಥಾನವನ್ನು ತುಂಬಿರುವುದರಿಂದ ಸರ್ವನಾಮ ‘ಮೀರ್’ ಆಗಿದೆ. ಎರಡು ಪಾತ್ರಗಳು ತಮ್ಮ ವಿಭಕ್ತಿಗಳನ್ನು ಅದಲುಬದಲು ಮಾಡಿಕೊಂಡಿವೆ, ಅಷ್ಟೆ.

ಈಗ ಇವೆರಡನ್ನೂ ಪ್ರಥಮ ಪುರುಷಕ್ಕೆ ತಿರುಗಿಸಿ ನೋಡಬೇಕು. ‘ಏರ್ ಶ್ಟೆಲ್ಟ್ ಜ಼ಿಷ್ ಡೇಮ್ ನೊಯೆನ್ ಲೇರರ್ ಫೋರ್’ ಮತ್ತು ‘ಏರ್ ಶ್ಟೆಲ್ಟ್ ಜ಼ಿಷ್ ಡೇನ್ ನೊಯೆನ್ ಲೇರರ್ ಫೋರ್’. ಸರ್ವನಾಮ ಎರಡರಲ್ಲಿಯೂ ‘ಜ಼ಿಷ್’. ಒಂದರಲ್ಲಿ ಅವನು ಅಧ್ಯಾಪಕನೆದುರು ನಿಂತು ತನ್ನ ಹೆಸರು ಹೇಳುತ್ತಿದ್ದಾನೆ; ಇನ್ನೊಂದರಲ್ಲಿ ಇನ್ನೂ ಕಾಣದ ಅಧ್ಯಾಪಕನ ಚಿತ್ರವನ್ನು ಮನಸ್ಸಿನಲ್ಲಿ ಮೂಡಿಸಿಕೊಳ್ಳುತ್ತಿದ್ದಾನೆ. ಈ ಅಂತರವನ್ನು ಹೊತ್ತಿರುವುದು ‘ಡೇಮ್’, ‘ಡೇನ್’ ಪದಗಳ ಕೊನೆಯ ವ್ಯಂಜನ ಮಾತ್ರ. ‘ಜ಼ಿಷ್’ ಕೂಡ ಇಲ್ಲಿ ಒಳಗಿನಿಂದ ಒಮ್ಮೆ ದ್ವಿತೀಯೆ, ಒಮ್ಮೆ ಚತುರ್ಥಿ. ಹೊರಗೆ ಅದು ಕಾಣುವುದಿಲ್ಲ. ಓದುವಾಗ ಸಂದೇಹ ಬಂದರೆ ಕರ್ತೃವನ್ನು ‘ನಾನು’ ಎಂದು ಬದಲಾಯಿಸಿಕೊಂಡು, ಉಳಿದ ನಾಮಪದದ ವಿಭಕ್ತಿಯನ್ನು ನೋಡಿ, ‘ಮಿಷ್’ ಬೇಕೋ ‘ಮೀರ್’ ಬೇಕೋ ಎಂದು ಕೇಳಿಕೊಂಡರೆ ಅರ್ಥ ಬಿಡಿಸಿಕೊಳ್ಳುತ್ತದೆ.

ಮಾತಿನಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ಇಲ್ಲಿಯೇ ಕಾಣಬಹುದು. ಸಂದರ್ಶನದ ಆರಂಭದಲ್ಲಿ ಅಭ್ಯರ್ಥಿಯು ‘ಇಷ್ ಮೋಷ್ಟೆ ಮಿಷ್ ಫೋರ್‌ಶ್ಟೆಲೆನ್’, ಅಂದರೆ ‘ನನ್ನನ್ನು ಪರಿಚಯಿಸಿಕೊಳ್ಳಲು ಬಯಸುತ್ತೇನೆ’, ಎನ್ನಬೇಕು. ಅದರ ಬದಲು ‘ಮೀರ್’ ಎಂದರೆ ಕೇಳುವವರಿಗೆ ‘ನಾನು ಕಲ್ಪಿಸಿಕೊಳ್ಳಲು ಬಯಸುತ್ತೇನೆ’ ಎಂಬ ಅಪೂರ್ಣ ವಾಕ್ಯ ಕೇಳಿಸುತ್ತದೆ. ಏನನ್ನು ಎಂಬ ಪ್ರಶ್ನೆ ಉತ್ತರವಿಲ್ಲದೆ ನಿಲ್ಲುತ್ತದೆ.

5. ನಿಯಮದ ಎಲ್ಲೆಗಳು

ಕರ್ಮಸ್ಥಾನ ಬರಿದಾಗಿದ್ದರೆ ದ್ವಿತೀಯೆ ಎಂಬ ಮಾತು ಸಲ್ಲದ ಕೆಲವು ಎಡೆಗಳಿವೆ. ಮೊದಲನೆಯದಾಗಿ, ಕರ್ಮಸ್ಥಾನವೇ ಇಲ್ಲದೆ ನೇರವಾಗಿ ಚತುರ್ಥಿಯನ್ನು ಬೇಡುವ ಕ್ರಿಯಾಪದಗಳು. ‘ಸಹಾಯ ಮಾಡು’ ಎಂಬ ಅರ್ಥದ ‘ಹೆಲ್ಫೆನ್’, ‘ಹಾನಿ ಮಾಡು’ ಎಂಬ ಅರ್ಥದ ‘ಶಾಡೆನ್’ ಇಂತಹವು. ‘ನಿನಗೆ ನೀನೇ ಹಾನಿ ಮಾಡಿಕೊಳ್ಳುತ್ತೀಯೆ’ ಎಂಬುದು ‘ಡೂ ಶಾಡೆಸ್ಟ್ ಡೀರ್’. ಬೇರೆ ಯಾವ ಕರ್ಮವೂ ಇಲ್ಲದಿದ್ದರೂ ‘ಡಿಷ್’ ಬರುವುದಿಲ್ಲ. ಏಕೆಂದರೆ ಬೇರೊಬ್ಬರಿಗೆ ಹಾನಿ ಮಾಡುವಾಗಲೂ ಈ ಧಾತು ಚತುರ್ಥಿಯನ್ನೇ ಬೇಡುತ್ತದೆ: ‘ಡೂ ಶಾಡೆಸ್ಟ್ ಡೇಮ್ ಜ಼ೋನ್’. ಎರಡನೆಯ ಭಾಗದಲ್ಲಿ ಹೇಳಿದ ಬದಲಿ ಪರೀಕ್ಷೆ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಇಲ್ಲಿ ಕನ್ನಡವೂ ‘ನಿನಗೆ’ ಎಂದೇ ಹೇಳುವುದರಿಂದ ತೊಡಕು ಕಡಿಮೆ. ಗುಣವಾಚಕದೊಂದಿಗೆ ಬರುವ ಕೆಲವು ರಚನೆಗಳೂ ಇದೇ ಗುಂಪಿಗೆ ಸೇರುತ್ತವೆ. ‘ನನಗೆ ಖಾತ್ರಿಯಿದೆ’ ಎಂಬುದು ‘ಇಷ್ ಬಿನ್ ಮೀರ್ ಜ಼ಿಷರ್’.

ಎರಡನೆಯದಾಗಿ, ಎರಡೂ ವಿಭಕ್ತಿಗಳು ಸಾಧುವೆನಿಸುವ ಒಂದು ಎಡೆಯಿದೆ. ‘ಬೆರಳು ಕೊಯ್ದುಕೊಳ್ಳುತ್ತೇನೆ’ ಎಂಬುದನ್ನು ಜರ್ಮನ್ ‘ಬೆರಳಿನೊಳಕ್ಕೆ’ ಎಂಬ ಪೂರ್ವಾವ್ಯಯದ ರಚನೆಯಿಂದ ಹೇಳುತ್ತದೆ. ಆಗ ‘ಇಷ್ ಶ್ನೈಡೆ ಮೀರ್ ಇನ್ ಡೇನ್ ಫಿಂಗರ್’ ಎಂದೂ ಹೇಳಬಹುದು, ‘ಇಷ್ ಶ್ನೈಡೆ ಮಿಷ್ ಇನ್ ಡೇನ್ ಫಿಂಗರ್’ ಎಂದೂ ಹೇಳಬಹುದು. ಕರ್ಮಸ್ಥಾನದ ನಿಯಮದಂತೆ ನೋಡಿದರೆ ‘ಡೇನ್ ಫಿಂಗರ್’ ಪೂರ್ವಾವ್ಯಯದ ಅಧೀನದಲ್ಲಿರುವುದರಿಂದ ‘ಮಿಷ್’ ಬರಬೇಕು, ಅದು ಬರುತ್ತದೆ ಕೂಡ. ಆದರೆ ಬೆರಳು ದೇಹದ ಅಂಗವಾದುದರಿಂದ ‘ನನಗೆ ತಲೆ ನೋಯುತ್ತಿದೆ’ ಎಂಬ ಬಗೆಯ ಒಡೆತನದ ಚತುರ್ಥಿಯೂ ಇಲ್ಲಿ ಹಕ್ಕು ಸಾಧಿಸುತ್ತದೆ. ಹೀಗೆ ಎರಡು ತತ್ತ್ವಗಳು ಒಂದೇ ಜಾಗದಲ್ಲಿ ಸಂಧಿಸಿದಾಗ ಬಳಕೆಯು ಎರಡನ್ನೂ ಉಳಿಸಿಕೊಂಡಿದೆ. ಆದರೆ ‘ತೋಳು ಮುರಿದುಕೊಂಡೆ’ ಎನ್ನುವಾಗ ಪೂರ್ವಾವ್ಯಯವಿಲ್ಲದೆ ತೋಳೇ ನೇರವಾಗಿ ಕರ್ಮವಾಗುವುದರಿಂದ ಈ ಸ್ವಾತಂತ್ರ್ಯವಿಲ್ಲ: ‘ಇಷ್ ಹಾಬೆ ಮೀರ್ ಡೇನ್ ಆರ್ಮ್ ಗೆಬ್ರೊಖೆನ್’ ಎಂದೇ ಹೇಳಬೇಕು.

6. ಸಮಾರೋಪ

ಮೇಲಿನ ವಿವೇಚನೆಯಿಂದ ಹೊರಡುವ ಕ್ರಮವನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದು. ಕ್ರಿಯಾಪದವು ಬೇರೊಬ್ಬರ ವಿಷಯದಲ್ಲಿ ಚತುರ್ಥಿಯನ್ನು ಮಾತ್ರ ಬೇಡುವಂತಹುದೇ ಎಂಬುದು ಮೊದಲನೆಯದು. ಹೌದಾದರೆ ಸರ್ವನಾಮವೂ ಚತುರ್ಥಿಯಲ್ಲಿರುತ್ತದೆ. ಅಲ್ಲವಾದರೆ, ಪೂರ್ವಾವ್ಯಯದ ಅಧೀನದಲ್ಲಿಲ್ಲದ ನಾಮಪದವೊಂದು ಕರ್ಮಸ್ಥಾನವನ್ನು ತುಂಬಿದೆಯೇ ಎಂಬುದು ಎರಡನೆಯದು. ತುಂಬಿದ್ದರೆ ಚತುರ್ಥಿ. ನಾಮಪದವಿಲ್ಲದೆ ಉಪವಾಕ್ಯ ಮಾತ್ರ ಇದ್ದರೆ, ಅದನ್ನು ‘ಡಸ್’ ಎಂಬ ಒಂದು ಪದಕ್ಕೆ ಇಳಿಸಲು ಬರುತ್ತದೆಯೇ ಎಂಬುದು ಮೂರನೆಯದು. ಬಂದರೆ ಚತುರ್ಥಿ. ಇವು ಮೂರಕ್ಕೂ ‘ಇಲ್ಲ’ ಎಂಬುದೇ ಉತ್ತರವಾದಾಗ ದ್ವಿತೀಯೆ ಉಳಿಯುತ್ತದೆ. ‘ಇಷ್ ಬಿನ್ ಮೀರ್ ಜ಼ಿಷರ್’ ಬಗೆಯ ಗುಣವಾಚಕದ ರಚನೆಗಳನ್ನು ಮಾತ್ರ ಪ್ರತ್ಯೇಕವಾಗಿ ನೆನಪಿನಲ್ಲಿಡಬೇಕಾಗುತ್ತದೆ.

ಕನ್ನಡದ ‘ಕೊಳ್ಳು’ ಈ ಭೇದವನ್ನು ಹೇಳುವುದಿಲ್ಲವೆಂದು ಆರಂಭದಲ್ಲಿ ಗಮನಿಸಲಾಯಿತು. ಆದರೆ ಕನ್ನಡದಲ್ಲಿ ಆ ಭೇದವೇ ಇಲ್ಲವೆಂದು ಇದರ ಅರ್ಥವಲ್ಲ. ‘ನನ್ನನ್ನು ನಾನು ಪರಿಚಯಿಸಿಕೊಂಡೆ’, ‘ನನಗೆ ನಾನೇ ಹಾನಿ ಮಾಡಿಕೊಂಡೆ’ ಎಂದು ಸರ್ವನಾಮವನ್ನು ಬಿಡಿಸಿ ಹೇಳಿದಾಗ ಎರಡು ವಿಭಕ್ತಿಗಳೂ ಸ್ಪಷ್ಟವಾಗಿ ಹೊರಬರುತ್ತವೆ. ಕನ್ನಡವು ಬೇಕಾದಾಗ ಮಾತ್ರ ಹೊರಗೆ ತರುವುದನ್ನು ಜರ್ಮನ್ ಪ್ರತಿ ವಾಕ್ಯದಲ್ಲಿಯೂ ಕೇಳುತ್ತದೆ. ಆದ್ದರಿಂದ ಹೊಸ ಕ್ರಿಯಾಪದವೊಂದನ್ನು ‘ಜ಼ಿಷ್’ ರೂಪದಲ್ಲಿ ನಿಘಂಟಿನಲ್ಲಿ ಕಂಡಾಗ, ಅದನ್ನು ಆ ರೂಪದಲ್ಲಿಯೇ ಬರೆದುಕೊಳ್ಳುವ ಬದಲು ‘ಇಷ್’ ಎಂದು ಆರಂಭವಾಗುವ ಒಂದು ಪೂರ್ಣ ವಾಕ್ಯವಾಗಿ ಬರೆದುಕೊಳ್ಳುವುದು ಲೇಸು. ‘ಜ಼ಿಷ್ ಮೆರ್ಕೆನ್’ ಎಂಬುದಕ್ಕಿಂತ ‘ಇಷ್ ಮೆರ್ಕೆ ಮೀರ್ ಡೇನ್ ನಾಮೆನ್’ ಎಂಬುದು ಎರಡೇ ಮೂರು ಪದ ಹೆಚ್ಚು. ಆದರೆ ಯಾವ ಸ್ಥಾನದಲ್ಲಿ ಯಾರು ನಿಂತಿದ್ದಾರೆ ಎಂಬುದು ಆ ವಾಕ್ಯದಲ್ಲಿ ಮರೆಯಾಗುವುದಿಲ್ಲ.